ಹಬ್ಬದ ಆರ್ಡರ್ ರೀಲ್‌ಗೆ ಶೀರ್ಷಿಕೆ, ವಿವರಣೆ ಬರೆಯುವುದು ಹೇಗೆ? ಸಣ್ಣ ಬೇಕರಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಹಬ್ಬ ಹತ್ತಿರ ಬಂತೆಂದರೆ ಬೇಕರಿ ನಡೆಸುವ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಬರುತ್ತದೆ. ‘ರೀಲ್ ಚೆನ್ನಾಗಿ ಬಂದಿದೆ, ತುಂಬಾ ಜನ ನೋಡಿದ್ದಾರೆ, ಆರ್ಡರ್ ಮಾತ್ರ ಬರಲಿಲ್ಲ. ಕೆಳಗೆ ಏನು ಬರೆಯಬೇಕಿತ್ತು?’ ಅಂಥ ರೀಲ್‌ಗಳನ್ನು ತೆರೆದು ನೋಡಿದರೆ ಕೇಕ್ ಕತ್ತರಿಸುವ ದೃಶ್ಯ ಸೊಗಸಾಗಿರುತ್ತದೆ. ಅದರ ಕೆಳಗೆ ‘ಹಬ್ಬದ ಸಂಭ್ರಮ ನಮ್ಮೊಂದಿಗೆ ಸವಿಯಿರಿ, ಆರ್ಡರ್‌ಗೆ ಮೆಸೇಜ್ ಮಾಡಿ’ ಎಂದಿರುತ್ತದೆ. ಅಂಗಡಿ ಯಾವ ಊರಿನಲ್ಲಿದೆ, ಯಾವ ದಿನದವರೆಗೆ ಆರ್ಡರ್ ಹೇಳಬಹುದು, ಪೆಟ್ಟಿಗೆಯಲ್ಲಿ ಏನೇನಿದೆ, ಬೆಲೆ ಎಷ್ಟು ಎಂಬ ಒಂದು ಮಾತೂ ಅಲ್ಲಿರುವುದಿಲ್ಲ.

ಬರೆಯುವ ಮೊದಲು ಎರಡು ಸಂಗತಿಗಳನ್ನು ತಿಳಿದುಕೊಂಡಿರಬೇಕು. ಮೊದಲನೆಯದು, ರೀಲ್ ನಿಮ್ಮ ಊರಿನ ಗಡಿಯಲ್ಲಿ ನಿಲ್ಲುವುದಿಲ್ಲ. ನಿಮ್ಮ ಅಂಗಡಿಗೆ ಎಂದೂ ಬರಲಾರದ ಸಾವಿರ ಜನರ ನಡುವೆ ಬರಬಲ್ಲ ಐವತ್ತು ಜನ ಇರುತ್ತಾರೆ. ಆ ಐವತ್ತು ಜನರಿಗೆ ‘ಇದು ನಮ್ಮ ಊರಿನದು’ ಎಂದು ಒಂದೇ ನೋಟಕ್ಕೆ ಗೊತ್ತಾಗಬೇಕು. ಎರಡನೆಯದು, ರೀಲ್ ಹಾಕಿದ ದಿನವೇ ಎಲ್ಲರಿಗೂ ಕಾಣುವುದಿಲ್ಲ. ಕೆಲವರಿಗೆ ನಾಲ್ಕು ದಿನದ ನಂತರ, ಕೆಲವರಿಗೆ ಹಬ್ಬವೇ ಮುಗಿದ ಮೇಲೆ ಕಾಣುತ್ತದೆ. ಹಾಗಾಗಿ ನೀವು ಬರೆಯುವ ಪ್ರತಿ ವಾಕ್ಯವೂ ಯಾವ ದಿನ ಓದಿದರೂ ಸರಿಯಾದ ಅರ್ಥ ಕೊಡಬೇಕು. ಮುಂದಿನ ಹಂತಗಳೆಲ್ಲ ಈ ಎರಡು ಸಂಗತಿಗಳಿಂದಲೇ ಹುಟ್ಟಿವೆ.

ವಿವರಿಸಲು ಸುಲಭವಾಗಲಿ ಎಂದು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಂಡಿದ್ದೇನೆ. ಒಂದೇ ಒಲೆಯ ಸಣ್ಣ ಬೇಕರಿ. ಹಬ್ಬ ಮಾರ್ಚ್ 19ರ ಗುರುವಾರ. ಮಾರುವುದು 24 ಬಿಸ್ಕತ್ತುಗಳ ಉಡುಗೊರೆ ಪೆಟ್ಟಿಗೆ. ಚೌಕ ಆವರಣ ಇರುವ ಕಡೆ ನಿಮ್ಮ ಊರು, ಬಡಾವಣೆ, ಬೆಲೆ, ಸಂಖ್ಯೆಗಳನ್ನು ಹಾಕಿಕೊಳ್ಳಿ. ಬರಿದೇ ‘ಹಬ್ಬ’ ಎಂದಿರುವಲ್ಲಿ ನಿಮ್ಮ ಹಬ್ಬದ ಹೆಸರನ್ನೇ ಬರೆಯಿರಿ.

1. ಮೊದಲು ಲೆಕ್ಕದ ಚೀಟಿ

ಬರೆಯಲು ಕೂರುವ ಮೊದಲು ಕಾಗದದ ಮೇಲೆ ಕೆಲವು ಅಂಕಿಗಳನ್ನು ನಿಶ್ಚಯಿಸಿಕೊಳ್ಳಬೇಕು. ಎಷ್ಟು ಪೆಟ್ಟಿಗೆ ಮಾಡಬಲ್ಲಿರಿ, ಆರ್ಡರ್ ಯಾವಾಗ ನಿಲ್ಲಿಸುತ್ತೀರಿ, ಗ್ರಾಹಕರು ಯಾವ ದಿನ ಬಂದು ಒಯ್ಯಬೇಕು ಎಂಬುದು ಇಲ್ಲಿ ತೀರ್ಮಾನವಾಗದಿದ್ದರೆ, ಮುಂದೆ ಎಷ್ಟೇ ಚೆನ್ನಾಗಿ ಬರೆದರೂ ವಿವರಣೆ ಮಸುಕಾಗಿಯೇ ಉಳಿಯುತ್ತದೆ.

ನಮ್ಮ ಉದಾಹರಣೆಯ ಬೇಕರಿಯಲ್ಲಿ ಒಂದು ಸಲಕ್ಕೆ ಒಲೆಯಲ್ಲಿ ನಾಲ್ಕು ಟ್ರೇ ಹಿಡಿಯುತ್ತವೆ, ಒಂದು ಟ್ರೇಗೆ 40 ಬಿಸ್ಕತ್ತು. ಅಂದರೆ ಸಲಕ್ಕೆ 160. ಒಡೆದದ್ದು, ಕಪ್ಪಾದದ್ದು ಕಳೆದು ಆರು ಪೆಟ್ಟಿಗೆ ಎಂದು ಹಿಡಿಯೋಣ. ತುಂಬಿ, ಬೇಯಿಸಿ, ಇಳಿಸಲು 40 ನಿಮಿಷ. ದಿನಕ್ಕೆ ಎಂಟು ಗಂಟೆ ಒಲೆ ನಡೆದರೆ 12 ಸಲ, ಅಂದರೆ 72 ಪೆಟ್ಟಿಗೆ. ಆದರೆ ಅದೇ ಒಲೆಯಲ್ಲಿ ದಿನದ ಬ್ರೆಡ್, ಬನ್ನುಗಳೂ ಬೇಯಬೇಕು. ಅರ್ಧ ಹೊತ್ತು ಅದಕ್ಕೆ ಬಿಟ್ಟರೆ ಹಬ್ಬಕ್ಕೆ ಸಿಗುವುದು ದಿನಕ್ಕೆ 36 ಪೆಟ್ಟಿಗೆ. ಮಾರ್ಚ್ 15 ಮತ್ತು 16, ಎರಡು ದಿನ ಬೇಯಿಸಿದರೆ 72. ಎರಡನ್ನು ಅಪಾಯಕ್ಕೆಂದು ತೆಗೆದಿಟ್ಟರೆ ರೀಲ್‌ನಲ್ಲಿ ಹೇಳಬಹುದಾದ ಸಂಖ್ಯೆ 70.

ದಿನಾಂಕಗಳೂ ಇದೇ ಲೆಕ್ಕದಿಂದ ಹೊರಬರುತ್ತವೆ. 15ರ ಬೆಳಗ್ಗೆ ಹಿಟ್ಟು ಕಲೆಸಬೇಕಾದರೆ 14ರ ಸಂಜೆಗೆ ಒಟ್ಟು ಎಷ್ಟೆಂದು ಗೊತ್ತಿರಬೇಕು. ಹಾಗಾಗಿ ಆರ್ಡರ್‌ಗೆ ಕೊನೆಯ ಹೊತ್ತು ಮಾರ್ಚ್ 14, ಶನಿವಾರ, ಸಂಜೆ 7 ಗಂಟೆ. ಗ್ರಾಹಕರು ಬಂದು ಒಯ್ಯುವ ದಿನಗಳು ಮಾರ್ಚ್ 17 ಮತ್ತು 18. ಹಬ್ಬದ ಬೆಳಗ್ಗೆ ಕೊಡುತ್ತೇವೆ ಎಂದು ಬರೆಯಬೇಡಿ. ಆ ಬೆಳಗ್ಗೆ ಒಬ್ಬ ಸಹಾಯಕ ಬರದಿದ್ದರೂ ಇಡೀ ಊರಿಗೆ ಉತ್ತರ ಹೇಳುವ ಸ್ಥಿತಿ ಬರುತ್ತದೆ.

ಚೀಟಿಯ ಇನ್ನೊಂದು ಬದಿಯನ್ನು ತುಂಬಲು ಹಿಂದಿನ ಹಬ್ಬದ ಮೆಸೇಜ್‌ಗಳನ್ನು ತೆರೆಯಿರಿ. ಆಗ ಜನ ಕೇಳಿದ ಪ್ರಶ್ನೆಗಳನ್ನು ಹಾಗೆಯೇ ಒಂದರ ಕೆಳಗೆ ಒಂದು ಬರೆದುಕೊಳ್ಳಿ. ‘ಮೊಟ್ಟೆ ಹಾಕಿದ್ದೀರಾ?’, ‘ಎಷ್ಟು ದಿನ ಇಡಬಹುದು?’, ‘ಮನೆಗೆ ತಂದುಕೊಡುತ್ತೀರಾ?’, ‘ಒಂದೇ ಪೆಟ್ಟಿಗೆ ಕೊಡುತ್ತೀರಾ?’ ಇಂಥವೇ ಹೆಚ್ಚಾಗಿ ಸಿಗುತ್ತವೆ. ಮೂರು ಸಲಕ್ಕಿಂತ ಹೆಚ್ಚು ಬಂದ ಪ್ರಶ್ನೆಗೆ ವಿವರಣೆಯಲ್ಲಿ ಉತ್ತರ ಇರಲೇಬೇಕು. ಒಮ್ಮೆ ಮಾತ್ರ ಬಂದದ್ದನ್ನು ಕಮೆಂಟ್‌ಗೆ ಬಿಡಬಹುದು.

2. ಶೀರ್ಷಿಕೆ: ಮೂರು ಸಂಗತಿ, ಒಂದು ಸಾಲು

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ಶೀರ್ಷಿಕೆಗೆ ಬೇರೆಯೇ ಜಾಗವಿದೆ, 100 ಅಕ್ಷರಗಳ ಮಿತಿಯಿದೆ. ಇನ್‌ಸ್ಟಾಗ್ರಾಂ ರೀಲ್‌ಗೆ ಅಂಥ ಜಾಗವಿಲ್ಲ. ಅಲ್ಲಿರುವುದು ಕ್ಯಾಪ್ಶನ್, ಅಂದರೆ ವಿಡಿಯೊದ ಕೆಳಗೆ ಬರುವ ಬರಹ ಮಾತ್ರ. ಅದಕ್ಕೆ 2,200 ಅಕ್ಷರಗಳ ಮಿತಿ. ನೋಡುವವರಿಗೆ ಮೊದಲು ಕಾಣುವುದು ಅದರ ಮೊದಲ ಸಾಲಿನ ನಾಲ್ಕೈದು ಪದಗಳಷ್ಟೆ. ಉಳಿದದ್ದು ‘more’ ಎಂಬುದನ್ನು ಒತ್ತಿದ ಮೇಲೆ. ಆದ್ದರಿಂದ ಇನ್‌ಸ್ಟಾಗ್ರಾಂನಲ್ಲಿ ಆ ಮೊದಲ ಸಾಲೇ ನಿಮ್ಮ ಶೀರ್ಷಿಕೆ.

ಶೀರ್ಷಿಕೆಯಲ್ಲಿ ಮೂರು ಸಂಗತಿ ಇರಲಿ: ಎಲ್ಲಿ, ಏನು, ಯಾವಾಗಿನವರೆಗೆ. ಇದೇ ಕ್ರಮದಲ್ಲಿ ಬರಲಿ. ಊರಿನ ಹೆಸರು ಮೊದಲಿಗೆ ಬರಲಿ ಎನ್ನುವುದಕ್ಕೆ ಕಾರಣವಿದೆ. ಸಾಲು ಅರ್ಧಕ್ಕೆ ಕತ್ತರಿಸಿಹೋದರೂ ಊರು ಉಳಿಯುತ್ತದೆ. ಬೆರಳು ಮುಂದಿನ ವಿಡಿಯೊಗೆ ಸರಿಯುವುದನ್ನು ನಿಲ್ಲಿಸುವ ಪದವೂ ಅದೇ.

> [ಬಡಾವಣೆ] ಹಬ್ಬದ ಬಿಸ್ಕತ್ತು ಪೆಟ್ಟಿಗೆ: ಮಾರ್ಚ್ 14ರವರೆಗೆ ಆರ್ಡರ್

ಈಗ ಇದನ್ನು ಇನ್ನೊಂದು ಬಗೆಯ ಶೀರ್ಷಿಕೆಯೊಡನೆ ಇಟ್ಟು ನೋಡಿ: ‘ಬಾಯಲ್ಲಿ ಕರಗುವ ಹಬ್ಬದ ರುಚಿ, ತಡಮಾಡಬೇಡಿ!’ ಎರಡನೆಯದು ಓದಲು ಹಿತವಾಗಿದೆ. ಆದರೆ ಇದು ಯಾವ ಊರಿನ ಯಾವ ಬೇಕರಿಗಾದರೂ, ಯಾವ ವರ್ಷಕ್ಕಾದರೂ ಹೊಂದುತ್ತದೆ. ಹುಡುಕುವವರಿಗೆ ಇದು ಸಿಗುವುದೂ ಇಲ್ಲ. ಯಾರೂ ‘ಬಾಯಲ್ಲಿ ಕರಗುವ’ ಎಂದು ಹುಡುಕುವುದಿಲ್ಲ, ಬಡಾವಣೆಯ ಹೆಸರಿನ ಜೊತೆ ‘ಬಿಸ್ಕತ್ತು’, ‘ಕೇಕ್’, ‘ಬೇಕರಿ’ ಎಂದು ಹುಡುಕುತ್ತಾರೆ. ರುಚಿಯನ್ನು ಹೇಳುವ ಕೆಲಸವನ್ನು ವಿಡಿಯೊಗೆ ಬಿಡಿ, ಅದು ಆ ಕೆಲಸವನ್ನು ಬರಹಕ್ಕಿಂತ ಚೆನ್ನಾಗಿ ಮಾಡುತ್ತದೆ.

ಊರಿನ ಹೆಸರು ಬರೆಯುವಾಗ ಜನ ಬಾಯಲ್ಲಿ ಹೇಳುವ ಹೆಸರನ್ನೇ ಬಳಸಿ. ನಾಮಫಲಕದಲ್ಲಿ ಬಡಾವಣೆಗೆ ಉದ್ದನೆಯ ಅಧಿಕೃತ ಹೆಸರಿರಬಹುದು. ಆದರೆ ಆಟೊ ಹತ್ತುವಾಗ ಜನ ಹೇಳುವುದು ಬೇರೆಯೇ ಆಗಿದ್ದರೆ ಶೀರ್ಷಿಕೆಗೆ ಅದೇ ಬರಲಿ, ಅಧಿಕೃತ ಹೆಸರು ವಿಳಾಸದ ಸಾಲಿಗೆ ಹೋಗಲಿ. ಊರು ಚಿಕ್ಕದಾಗಿದ್ದರೆ ಊರಿನ ಹೆಸರೇ ಸಾಕು. ದೊಡ್ಡದಾಗಿದ್ದರೆ ಬಡಾವಣೆಯ ಹೆಸರು ಬೇಕೇ ಬೇಕು. ಊರಿನ ಇನ್ನೊಂದು ತುದಿಯಲ್ಲಿರುವವರು ಒಂದು ಪೆಟ್ಟಿಗೆಗಾಗಿ ಗಂಟೆಗಟ್ಟಲೆ ಬರುವುದಿಲ್ಲ.

ಶೀರ್ಷಿಕೆಯಲ್ಲಿ ಒಂದೇ ದಿನಾಂಕ ಇರಲಿ, ಅದು ಆರ್ಡರ್‌ನ ಕೊನೆಯ ದಿನಾಂಕವಾಗಿರಲಿ. ಒಯ್ಯುವ ದಿನಾಂಕವನ್ನೂ ಅಲ್ಲೇ ತುರುಕಿದರೆ ಓದುವವರು ಎರಡನ್ನೂ ಬೆರೆಸಿಬಿಡುತ್ತಾರೆ. 17ಕ್ಕೆ ಬಂದು ‘ಆರ್ಡರ್ ಕೊಡಲು ಬಂದೆ’ ಎನ್ನುವವರು ಪ್ರತಿ ಹಬ್ಬದಲ್ಲೂ ಇರುತ್ತಾರೆ, ತಪ್ಪು ಅವರದಲ್ಲ. ‘ನಾಳೆಯೇ ಕೊನೆ’, ‘ಈ ಶನಿವಾರದವರೆಗೆ’, ‘ಇನ್ನು ಮೂರೇ ದಿನ’ ಎಂಬ ಮಾತುಗಳನ್ನು ಶೀರ್ಷಿಕೆಯಲ್ಲೂ ವಿವರಣೆಯಲ್ಲೂ ಬಳಸಲೇಬಾರದು. ಐದು ದಿನದ ನಂತರ ನೋಡುವವರಿಗೆ ‘ಈ ಶನಿವಾರ’ ಬೇರೆಯ ಶನಿವಾರವಾಗಿರುತ್ತದೆ.

ಕನ್ನಡದಲ್ಲಿ ಬರೆಯುವವರು ಅಕ್ಷರ ಮಿತಿಯ ಲೆಕ್ಕವನ್ನೂ ತಿಳಿದಿರಬೇಕು. ನಾವು ಒಂದು ಅಕ್ಷರ ಎಂದು ಓದುವುದನ್ನು ಕಂಪ್ಯೂಟರ್ ಬಿಡಿಸಿ ಎಣಿಸುತ್ತದೆ. ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರಕ್ಕೆ ಬೇಕಾಗುವ ಅರ್ಧಕ ಚಿಹ್ನೆ ಎಲ್ಲವೂ ಒಂದೊಂದು. ‘ಬಿಸ್ಕತ್ತು’ ಎಂಬುದು ನಮಗೆ ಮೂರು ಅಕ್ಷರ, ಎಣಿಕೆಯಲ್ಲಿ ಒಂಬತ್ತು. ಮೇಲಿನ ಶೀರ್ಷಿಕೆ ಬಡಾವಣೆಯ ಹೆಸರನ್ನು ಬಿಟ್ಟು 48 ಆಗುತ್ತದೆ, ಹೆಸರು ಸೇರಿದರೂ ಯೂಟ್ಯೂಬಿನ ಮಿತಿಯೊಳಗೆ ಆರಾಮವಾಗಿ ಕೂರುತ್ತದೆ. ಇದಕ್ಕಿಂತ ಎರಡು ಪಟ್ಟು ಬರೆದರೆ ಕೂರುವುದಿಲ್ಲ.

3. ವಿವರಣೆ: ಗಲ್ಲಾಪೆಟ್ಟಿಗೆಯ ಮುಂದೆ ನಿಂತವರಿಗೆ ಹೇಳುವಂತೆ

ಅಂಗಡಿಗೆ ಬಂದವರೊಬ್ಬರು ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಪ್ರಶ್ನೆ ಕೇಳುತ್ತಿದ್ದಾರೆ ಎಂದುಕೊಳ್ಳಿ. ಅವರು ಕೇಳುವ ಕ್ರಮವೇ ವಿವರಣೆಯ ಕ್ರಮ. ಇದರಲ್ಲಿ ಏನಿದೆ, ಎಷ್ಟು, ಮೊಟ್ಟೆ ಇದೆಯೇ, ಯಾವಾಗ ಸಿಗುತ್ತದೆ, ಎಲ್ಲಿಗೆ ಬರಬೇಕು, ಈಗ ಏನು ಮಾಡಬೇಕು. ಉದಾಹರಣೆಯ ವಿವರಣೆಯನ್ನು ಮೊದಲು ಪೂರ್ತಿ ಓದಿ.

> [ಬಡಾವಣೆ] ಹಬ್ಬದ ಬಿಸ್ಕತ್ತು ಪೆಟ್ಟಿಗೆ: ಮಾರ್ಚ್ 14ರವರೆಗೆ ಆರ್ಡರ್
>
> ಪೆಟ್ಟಿಗೆಯಲ್ಲಿ: ಬೆಣ್ಣೆ ಬಿಸ್ಕತ್ತು 12, ಗೋಡಂಬಿ ಬಿಸ್ಕತ್ತು 12. ಒಟ್ಟು 24, ಸುಮಾರು 350 ಗ್ರಾಂ.
> ಬೆಲೆ: ಒಂದು ಪೆಟ್ಟಿಗೆಗೆ [ಬೆಲೆ]. ಒಂದೇ ಪೆಟ್ಟಿಗೆಯೂ ಕೊಡುತ್ತೇವೆ.
> ಮೊಟ್ಟೆ ಹಾಕಿಲ್ಲ. ಗೋಧಿ, ಹಾಲು, ಗೋಡಂಬಿ ಇವೆ. ಮೊಟ್ಟೆ ಹಾಕಿದ ಕೇಕ್‌ಗಳನ್ನೂ ಇದೇ ಒಲೆಯಲ್ಲಿ ಬೇಯಿಸುತ್ತೇವೆ.
> ಬಿಗಿ ಮುಚ್ಚಳದ ಡಬ್ಬಿಯಲ್ಲಿ 10 ದಿನ ಇಡಬಹುದು.
>
> ಆರ್ಡರ್ ಕೊಡಲು ಕೊನೆಯ ಹೊತ್ತು: ಮಾರ್ಚ್ 14, ಶನಿವಾರ, ಸಂಜೆ 7.
> ಅಂಗಡಿಯಿಂದ ಒಯ್ಯುವುದು: ಮಾರ್ಚ್ 17 ಮಂಗಳವಾರ, 18 ಬುಧವಾರ, ಬೆಳಗ್ಗೆ 10ರಿಂದ ರಾತ್ರಿ 8.
> ಮಾಡುವುದು 70 ಪೆಟ್ಟಿಗೆ. ಅಷ್ಟು ತುಂಬಿದರೆ 14ಕ್ಕೆ ಮೊದಲೇ ಆರ್ಡರ್ ನಿಲ್ಲಿಸುತ್ತೇವೆ.
>
> ಅಂಗಡಿ: [ಗುರುತಿನ ಜಾಗ] ಎದುರು, [ರಸ್ತೆ], [ಬಡಾವಣೆ].
> ಮನೆಗೆ ತಲುಪಿಸುವುದು: ಅಂಗಡಿಯಿಂದ 3 ಕಿ.ಮೀ. ಒಳಗೆ, 5 ಪೆಟ್ಟಿಗೆಗಿಂತ ಹೆಚ್ಚಿದ್ದರೆ.
>
> ಆರ್ಡರ್‌ಗೆ ವಾಟ್ಸ್‌ಆ್ಯಪ್ ಮಾಡಿ: [ಸಂಖ್ಯೆ]. ಹೆಸರು, ಎಷ್ಟು ಪೆಟ್ಟಿಗೆ, 17ಕ್ಕೋ 18ಕ್ಕೋ ಎಂದು ಬರೆಯಿರಿ. ನಾವು ‘ಆರ್ಡರ್ ಬರೆದುಕೊಂಡಿದ್ದೇವೆ’ ಎಂದು ಉತ್ತರಿಸಿದ ಮೇಲೆ ಖಚಿತ.

ಇದರಲ್ಲಿ ನಾಲ್ಕು ಜಾಗಗಳ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಅಲ್ಲೇ ಹೆಚ್ಚಿನವರು ಎಡವುತ್ತಾರೆ.

ಮೊದಲನೆಯದು ಬೆಲೆ. ‘ಬೆಲೆಗೆ ಮೆಸೇಜ್ ಮಾಡಿ’ ಎಂದು ಬರೆದರೆ ಜನ ಮಾತಿಗೆ ಸಿಗುತ್ತಾರೆ ಎಂಬ ನಂಬಿಕೆ ಹಲವರಿಗಿದೆ. ನಾನು ಇದನ್ನು ಒಪ್ಪುವುದಿಲ್ಲ. ಹತ್ತಿರದ ಗ್ರಾಹಕರಿಗೆ ಬೆಲೆ ಕೇಳಿ ಬೇಡ ಎನ್ನುವುದು ಸಂಕೋಚದ ಸಂಗತಿ. ನಾಳೆ ಅದೇ ರಸ್ತೆಯಲ್ಲಿ ಎದುರಾಗುವವರು ನೀವು. ಆ ಸಂಕೋಚಕ್ಕೇ ಅವರು ಕೇಳದೆ ಉಳಿಯುತ್ತಾರೆ. ಬೆಲೆ ಬರೆಯಿರಿ, ಅದು ಎಷ್ಟಕ್ಕೆ ಎಂಬುದನ್ನೂ ಬರೆಯಿರಿ. ತೂಕವಾಗಲಿ ಎಣಿಕೆಯಾಗಲಿ ಇಲ್ಲದ ಬೆಲೆ ಜಗಳಕ್ಕೆ ದಾರಿ. ವಿಡಿಯೊದಲ್ಲಿ ಪೆಟ್ಟಿಗೆ ಹತ್ತಿರದಿಂದ ದೊಡ್ಡದಾಗಿ ಕಾಣುತ್ತದೆ, ಕೈಗೆ ಬಂದಾಗ ಚಿಕ್ಕದೆನಿಸುತ್ತದೆ. ‘24 ಬಿಸ್ಕತ್ತು, 350 ಗ್ರಾಂ’ ಎಂದು ಮೊದಲೇ ಓದಿದವರಿಗೆ ಆ ಬೇಸರ ಇರುವುದಿಲ್ಲ.

ಎರಡನೆಯದು ಮೊಟ್ಟೆ ಮತ್ತು ಒಗ್ಗದ ಪದಾರ್ಥಗಳು. ‘ಮೊಟ್ಟೆ ಹಾಕಿಲ್ಲ’ ಎಂಬುದು ಒಂದು ಮಾತು, ‘ಮೊಟ್ಟೆ ತಾಗಿಲ್ಲ’ ಎಂಬುದು ಇನ್ನೊಂದು ಮಾತು. ಅದೇ ಬೀಟರ್, ಅದೇ ಟ್ರೇ, ಅದೇ ಒಲೆ ಬಳಸುವ ಬೇಕರಿ ಮೊದಲನೆಯದನ್ನು ಹೇಳಬಹುದು, ಎರಡನೆಯದನ್ನು ಹೇಳುವಂತಿಲ್ಲ. ಇದು ನಂಬಿಕೆಯ ಪ್ರಶ್ನೆ ಹೌದು, ಕೆಲವರಿಗೆ ಆರೋಗ್ಯದ ಪ್ರಶ್ನೆಯೂ ಹೌದು. ಗೋಡಂಬಿ, ಕಡಲೆಕಾಯಿ, ಹಾಲು, ಗೋಧಿ ಒಗ್ಗದ ಮಕ್ಕಳ ತಾಯಂದಿರು ಈ ಸಾಲನ್ನೇ ಹುಡುಕಿ ಓದುತ್ತಾರೆ. ‘ಪೂರ್ಣ ಶುದ್ಧ’, ‘ಆರೋಗ್ಯಕರ’ ಎಂಬ ಪದಗಳು ಅವರಿಗೆ ಏನನ್ನೂ ತಿಳಿಸುವುದಿಲ್ಲ. ಏನೇನು ಹಾಕಿದ್ದೀರಿ ಎಂದು ಹೆಸರು ಹಿಡಿದು ಬರೆಯಿರಿ.

ಮೂರನೆಯದು ದಿನ ಮತ್ತು ವಾರ. ದಿನಾಂಕದ ಜೊತೆ ವಾರದ ಹೆಸರನ್ನೂ ಬರೆದರೆ ಓದುವವರ ಮನಸ್ಸಿನಲ್ಲಿ ಅದು ನಿಲ್ಲುತ್ತದೆ. ಆದರೆ ಎರಡೂ ಹೊಂದಬೇಕು. ಹಿಂದಿನ ವರ್ಷದ ವಿವರಣೆಯನ್ನು ನಕಲು ಮಾಡಿ ದಿನಾಂಕ ಮಾತ್ರ ಬದಲಿಸಿದಾಗ ವಾರ ಹಳೆಯದೇ ಉಳಿದುಬಿಡುತ್ತದೆ. ಆಗ ಅರ್ಧ ಜನ ದಿನಾಂಕವನ್ನು, ಅರ್ಧ ಜನ ವಾರವನ್ನು ನಂಬುತ್ತಾರೆ. ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಬೆರಳಿಟ್ಟು ನೋಡಿ. ‘ಸಂಜೆಯೊಳಗೆ’ ಎಂದು ಬಿಡಬೇಡಿ, ಗಂಟೆ ಬರೆಯಿರಿ.

ನಾಲ್ಕನೆಯದು ‘70 ಪೆಟ್ಟಿಗೆ’. ಸ್ಟಾಕ್ ಮುಗಿಯುತ್ತಿದೆ ಎಂದು ಹೆದರಿಸುವ ಪ್ರಚಾರವನ್ನು ಎಲ್ಲರೂ ನೋಡಿದ್ದಾರೆ, ಯಾರೂ ನಂಬುವುದಿಲ್ಲ. ಇಲ್ಲಿ ಬರೆದಿರುವುದು ಒಲೆಯ ಲೆಕ್ಕದಿಂದ ಬಂದ ನಿಜವಾದ ಸಂಖ್ಯೆ. ಅದನ್ನು ಹೇಳಿದ ಮೇಲೆ 71ನೆಯ ಪೆಟ್ಟಿಗೆಯನ್ನು ಪರಿಚಯದವರಿಗೆಂದು ಒಪ್ಪಿಕೊಳ್ಳಬೇಡಿ. ಊರು ಚಿಕ್ಕದು, ಇಲ್ಲವೆಂದು ಹೇಳಿಸಿಕೊಂಡವರಿಗೆ ಆ ಪೆಟ್ಟಿಗೆಯ ಸುದ್ದಿ ಮುಟ್ಟಿಯೇ ಮುಟ್ಟುತ್ತದೆ.

4. ಆರ್ಡರ್ ಬರುವ ದಾರಿಯನ್ನು ನೀವೇ ನಡೆದು ನೋಡಿ

ಇನ್‌ಸ್ಟಾಗ್ರಾಂ ಕ್ಯಾಪ್ಶನ್‌ನಲ್ಲಿ ಲಿಂಕ್ ಹಾಕಿದರೆ ಅದು ಬರಿಯ ಅಕ್ಷರವಾಗಿ ಕಾಣುತ್ತದೆ, ಒತ್ತಿದರೆ ತೆರೆಯುವುದಿಲ್ಲ. ಯೂಟ್ಯೂಬ್ ಕೂಡ 2023ರ ಆಗಸ್ಟ್ ಕೊನೆಯಿಂದ ಶಾರ್ಟ್ಸ್ ವಿವರಣೆ ಮತ್ತು ಕಮೆಂಟ್‌ಗಳಲ್ಲಿ ಲಿಂಕ್ ತೆರೆಯದಂತೆ ಮಾಡಿದೆ. ಉದ್ದನೆಯ ಲಿಂಕನ್ನು ಅಲ್ಲಿ ಅಂಟಿಸಿ ಆರ್ಡರ್‌ಗೆ ಕಾಯುವುದು ವ್ಯರ್ಥ. ವಿವರಣೆಯಲ್ಲಿ ಫೋನ್ ಸಂಖ್ಯೆಯನ್ನು ಐದು ಐದು ಅಂಕಿಗಳಾಗಿ ಬಿಡಿಸಿ ಬರೆಯಿರಿ, ಓದಿ ನೆನಪಿಟ್ಟುಕೊಂಡು ಒತ್ತಲು ಸುಲಭ. ಅಂಕಿಗಳನ್ನು ಕನ್ನಡದ ೧, ೨ ಎಂದು ಬರೆಯುವುದು ನೋಡಲು ಚೆಂದ, ಆದರೆ ಫೋನ್ ಸಂಖ್ಯೆಗೆ ಬೇಡ. ಅವಸರದಲ್ಲಿ ಓದುವವರು ತಪ್ಪಾಗಿ ಓದುತ್ತಾರೆ.

ಒತ್ತಿದರೆ ತೆರೆಯುವ ಲಿಂಕ್ ಇರುವುದು ನಿಮ್ಮ ಪ್ರೊಫೈಲ್ ಪುಟದಲ್ಲಿ, ಹೆಸರಿನ ಕೆಳಗೆ. ಅಲ್ಲಿ ವಾಟ್ಸ್‌ಆ್ಯಪ್ ಲಿಂಕ್ ಹಾಕಿಡಿ. ಅದರ ರೂಪ ಹೀಗೆ:

```
https://wa.me/91XXXXXXXXXX
```

ದೇಶದ ಸಂಕೇತ ಮೊದಲು, ಆಮೇಲೆ ಸಂಖ್ಯೆ. ಕೂಡು ಚಿಹ್ನೆ, ಮುಂದಿನ ಸೊನ್ನೆ, ನಡುವೆ ಅಡ್ಡಗೆರೆ ಯಾವುದೂ ಬೇಡ. ವಾಟ್ಸ್‌ಆ್ಯಪ್ ಬಿಸಿನೆಸ್ ಬಳಸುವವರಿಗೆ ಇನ್ನೂ ಅನುಕೂಲವಿದೆ. ಅದರ ವ್ಯವಹಾರ ಸಲಕರಣೆಗಳ ಪಟ್ಟಿಯಲ್ಲಿ ‘Short link’ ಎಂಬುದಿದೆ. ಅಲ್ಲಿ ಮೊದಲೇ ಬರೆದಿಟ್ಟ ಮೆಸೇಜ್ ಸೇರಿಸಬಹುದು. ಗ್ರಾಹಕರು ಲಿಂಕ್ ಒತ್ತಿದ ಕೂಡಲೇ ‘ಹಬ್ಬದ ಪೆಟ್ಟಿಗೆ. ಹೆಸರು: / ಎಷ್ಟು: / 17 ಅಥವಾ 18:’ ಎಂದು ಅವರ ಪರದೆಯಲ್ಲಿ ಬರುತ್ತದೆ. ಖಾಲಿ ಬಿಟ್ಟಲ್ಲಿ ತುಂಬಿ ಕಳುಹಿಸಿದರೆ ಆಯಿತು. ನಿಮಗೂ ಎಪ್ಪತ್ತು ಆರ್ಡರ್ ಒಂದೇ ರೂಪದಲ್ಲಿ ಬರುತ್ತವೆ, ಪುಸ್ತಕಕ್ಕೆ ಇಳಿಸುವುದು ಹಗುರ.

ಆರ್ಡರ್‌ಗೆ ಒಂದೇ ದಾರಿ ಕೊಡಿ. ಕಮೆಂಟ್, ಮೆಸೇಜ್, ಫೋನ್, ವಾಟ್ಸ್‌ಆ್ಯಪ್ ನಾಲ್ಕನ್ನೂ ತೆರೆದಿಟ್ಟರೆ ಯಾವುದೋ ಒಂದರಲ್ಲಿ ಬಂದ ಆರ್ಡರ್ ಕಣ್ತಪ್ಪುತ್ತದೆ. ಅದು ಹಬ್ಬದ ಹಿಂದಿನ ಸಂಜೆ ಅಂಗಡಿಯ ಮುಂದೆ ಬಂದು ನಿಲ್ಲುತ್ತದೆ. ಮಾದರಿಯ ಕೊನೆಯ ವಾಕ್ಯ, ‘ಉತ್ತರಿಸಿದ ಮೇಲೆ ಖಚಿತ’ ಎಂಬುದು, ಇದಕ್ಕಾಗಿಯೇ ಇದೆ.

ಹಾಕಿದ ಮೇಲೆ ಬೇರೆಯವರ ಫೋನಿನಿಂದ ರೀಲ್ ತೆರೆದು, ನೀವೇ ಗ್ರಾಹಕರಂತೆ ಒಂದು ಆರ್ಡರ್ ಕಳುಹಿಸಿ ನೋಡಿ. ಸಂಖ್ಯೆಯಲ್ಲಿ ಒಂದಂಕಿ ತಪ್ಪಿದ್ದರೆ ಈಗಲೇ ಗೊತ್ತಾಗುತ್ತದೆ.

5. ಭಾಷೆ ಮತ್ತು ಟೈಪಿಂಗ್

ವಿವರಣೆಯನ್ನು ಗ್ರಾಹಕರ ಮಾತಿನಲ್ಲಿ ಬರೆಯಿರಿ. ‘ಮುಂಗಡ ಕಾಯ್ದಿರಿಸುವಿಕೆ ಆರಂಭ’ ಎಂದು ಯಾರೂ ಅಂಗಡಿಯಲ್ಲಿ ಹೇಳುವುದಿಲ್ಲ. ‘ಆರ್ಡರ್ ತೆಗೆದುಕೊಳ್ಳುತ್ತಿದ್ದೇವೆ’ ಎಂದರೆ ಸಾಕು. ಹಾಗೆಯೇ ಅರ್ಧ ವಾಕ್ಯ ಕನ್ನಡ, ಅರ್ಧ ವಾಕ್ಯ ಇಂಗ್ಲಿಷ್ ಆದರೆ ಹಿರಿಯರು ಓದುವುದನ್ನೇ ಬಿಡುತ್ತಾರೆ. ಹಬ್ಬದ ಪೆಟ್ಟಿಗೆಗೆ ಹಣ ಕೊಡುವವರು ಹೆಚ್ಚಾಗಿ ಅವರೇ.

ಆದರೆ ಹುಡುಕುವವರಲ್ಲಿ ಕೆಲವರು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡುತ್ತಾರೆ. ಅವರಿಗಾಗಿ ವಿವರಣೆಯ ತುದಿಯಲ್ಲಿ ಊರಿನ ಹೆಸರು ಮತ್ತು ತಿನಿಸಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಬರೆದಿಡಿ. ಹ್ಯಾಷ್‌ಟ್ಯಾಗ್, ಅಂದರೆ # ಚಿಹ್ನೆ ಹಚ್ಚಿದ ಹುಡುಕು ಪದಗಳು, ಮೂರು ನಾಲ್ಕು ಸಾಕು. ಊರು, ಊರು ಮತ್ತು ಬೇಕರಿ ಸೇರಿದ ಪದ, ಹಬ್ಬದ ಹೆಸರು. ಜಗತ್ತಿನ ಕೇಕ್‌ಗಳೆಲ್ಲ ಬಂದು ಬೀಳುವ ದೊಡ್ಡ ಹ್ಯಾಷ್‌ಟ್ಯಾಗ್‌ಗಳಿಂದ ನಿಮ್ಮ ರಸ್ತೆಯ ಗ್ರಾಹಕರು ಸಿಗುವುದಿಲ್ಲ. ಕನ್ನಡದ ಹ್ಯಾಷ್‌ಟ್ಯಾಗ್ ಹಾಕಿದರೆ ಹಾಕಿದ ನಂತರ ಒತ್ತಿ ನೋಡಿ, ಪದ ಪೂರ್ತಿ ಹಿಡಿದಿದೆಯೇ ಅಥವಾ ನಡುವೆ ತುಂಡಾಗಿದೆಯೇ ಎಂದು ಗೊತ್ತಾಗುತ್ತದೆ. ಹಾಕುವಾಗ ಸ್ಥಳ ಸೇರಿಸುವ ಆಯ್ಕೆಯಲ್ಲಿ ನಿಮ್ಮ ಊರನ್ನು ಆರಿಸುವುದನ್ನು ಮರೆಯಬೇಡಿ.

ಕನ್ನಡಕ್ಕೆ ಸೇರಿದ ಒಂದು ಎಚ್ಚರಿಕೆ ಇಲ್ಲಿದೆ. ಡಿಟಿಪಿ ಅಂಗಡಿಯಲ್ಲಿ ಕರಪತ್ರಕ್ಕೆಂದು ಟೈಪ್ ಮಾಡಿಸಿದ ಬರಹವನ್ನು ತಂದು ಕ್ಯಾಪ್ಶನ್‌ಗೆ ಅಂಟಿಸಿದರೆ ಕೆಲವೊಮ್ಮೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಒಳಗಿನ ಸಂಕೇತ ಬೇರೆ, ಆ ಅಕ್ಷರಶೈಲಿ ಇಲ್ಲದ ಕಡೆ ಅದು ಕನ್ನಡವಾಗಿ ತೋರುವುದಿಲ್ಲ. ಯುನಿಕೋಡ್, ಅಂದರೆ ಎಲ್ಲ ಫೋನ್‌ಗಳೂ ಒಂದೇ ರೀತಿ ಓದುವ ಸಂಕೇತ ಪದ್ಧತಿಯಲ್ಲಿ ಟೈಪ್ ಮಾಡಿರಬೇಕು. ನಿಮ್ಮ ಮೊಬೈಲ್‌ನ ಕನ್ನಡ ಕೀಲಿಮಣೆಯಲ್ಲಿ ಮತ್ತೆ ಟೈಪ್ ಮಾಡುವುದೇ ಸುಲಭದ ದಾರಿ. ಧ್ವನಿಯಿಂದ ಟೈಪ್ ಮಾಡಿದರೆ ಅಂಕಿಗಳನ್ನು ಎರಡು ಸಲ ನೋಡಿ.

6. ಮುಖಚಿತ್ರದ ಮೇಲಿನ ಬರಹ

ಮುಖಚಿತ್ರ ಎಂದರೆ ವಿಡಿಯೊ ಓಡುವ ಮೊದಲು ಕಾಣುವ ಸ್ತಬ್ಧ ಚಿತ್ರ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿವರಣೆ ಮೆನುವಿನೊಳಗೆ ಅಡಗಿರುತ್ತದೆ, ಇನ್‌ಸ್ಟಾಗ್ರಾಂನಲ್ಲಿ ‘more’ ಹಿಂದೆ ಇರುತ್ತದೆ. ಆದ್ದರಿಂದ ಶೀರ್ಷಿಕೆಯ ಮೂರು ಸಂಗತಿಗಳನ್ನು ಚಿತ್ರದ ಮೇಲೂ ಬರೆಯಿರಿ. ಬರಹ ಚಿತ್ರದ ನಡುಭಾಗದಲ್ಲಿರಲಿ. ಕೆಳಗಿನ ಭಾಗವನ್ನು ಹೆಸರು, ಕ್ಯಾಪ್ಶನ್ ಮುಚ್ಚುತ್ತವೆ, ಬಲ ಅಂಚನ್ನು ಗುಂಡಿಗಳು ಮುಚ್ಚುತ್ತವೆ. ಪ್ರೊಫೈಲ್ ಪುಟದಲ್ಲಿ ಚಿತ್ರದ ಮೇಲು ಕೆಳಗು ಕತ್ತರಿಸಿಹೋಗುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಹೆಚ್ಚು ಜಾಗ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ವಿಡಿಯೊದ ಒಳಗೆ ದಿನಾಂಕವನ್ನು ಬರೆಯುವಾಗ ಯೋಚಿಸಿ. ಕ್ಯಾಪ್ಶನ್ ತಿದ್ದಬಹುದು. ವಿಡಿಯೊದೊಳಗೆ ಸೇರಿಹೋದ ಬರಹವನ್ನು ಹಾಕಿದ ಮೇಲೆ ತಿದ್ದಲಾಗದು. ಬೆಲೆಯನ್ನಂತೂ ವಿಡಿಯೊದೊಳಗೆ ಬರೆಯಲೇಬೇಡಿ.

7. ಹಾಕಿದ ನಂತರ

ಮೊದಲ ದಿನ ಬರುವ ಕಮೆಂಟ್‌ಗಳನ್ನು ಗಮನವಿಟ್ಟು ಓದಿ. ಒಂದೇ ಪ್ರಶ್ನೆ ಎರಡನೆಯ ಸಲ ಬಂತೆಂದರೆ ವಿವರಣೆಯಲ್ಲಿ ಅದಕ್ಕೆ ಉತ್ತರ ಇಲ್ಲ, ಅಥವಾ ಇದ್ದರೂ ಕಣ್ಣಿಗೆ ಬೀಳುತ್ತಿಲ್ಲ. ಕೇಳಿದವರಿಗೆ ಉತ್ತರ ಕೊಡಿ, ಜೊತೆಗೆ ವಿವರಣೆಯನ್ನೂ ತಿದ್ದಿ. ‘ಮೆಸೇಜ್ ನೋಡಿ’ ಎಂದು ಕಮೆಂಟ್‌ಗೆ ಉತ್ತರಿಸಬೇಡಿ, ಅದೇ ಪ್ರಶ್ನೆ ಇರುವ ಇನ್ನೂ ಹತ್ತು ಜನ ಅಲ್ಲಿ ಓದುತ್ತಿರುತ್ತಾರೆ. ಆರ್ಡರ್ ಕೊಡುವ ಕ್ರಮವನ್ನು ನೀವೇ ಒಂದು ಕಮೆಂಟ್ ಆಗಿ ಬರೆದು ಮೇಲಕ್ಕೆ ಪಿನ್ ಮಾಡಿಡಿ.

ಪೆಟ್ಟಿಗೆಗಳು ತುಂಬಿದ ಕ್ಷಣ, ಅಥವಾ 14ರ ಸಂಜೆ 7 ಆದ ಕೂಡಲೇ, ಮೊದಲ ಸಾಲನ್ನು ಬದಲಿಸಿ. ತುದಿಯಲ್ಲಿ ಸೇರಿಸಿದರೆ ಯಾರಿಗೂ ಕಾಣದು.

> [ಬಡಾವಣೆ] ಹಬ್ಬದ ಬಿಸ್ಕತ್ತು ಪೆಟ್ಟಿಗೆ: ಆರ್ಡರ್ ಮುಗಿದಿದೆ
> ಆರ್ಡರ್ ಕೊಟ್ಟವರು ಮಾರ್ಚ್ 17, 18ರಂದು ಬೆಳಗ್ಗೆ 10ರಿಂದ ರಾತ್ರಿ 8ರೊಳಗೆ ಬಂದು ಒಯ್ಯಿರಿ.

ರೀಲ್ ಅಳಿಸಬೇಡಿ. ಆರ್ಡರ್ ಕೊಟ್ಟವರು ಒಯ್ಯುವ ದಿನ, ಅಂಗಡಿಯ ಜಾಗ ನೋಡಲು ಅದಕ್ಕೇ ಮರಳುತ್ತಾರೆ. ಪಿನ್ ಮಾಡಿದ ಕಮೆಂಟನ್ನೂ ವಾಟ್ಸ್‌ಆ್ಯಪ್‌ನ ಸಿದ್ಧ ಮೆಸೇಜನ್ನೂ ಅದೇ ಹೊತ್ತಿಗೆ ತೆಗೆಯಿರಿ. ಮೊದಲ ಸಾಲು ಮಾತ್ರ ಬದಲಿಸಿ ಇವೆರಡನ್ನು ಮರೆತರೆ ಹಬ್ಬ ಕಳೆದ ಮೇಲೂ ಆರ್ಡರ್ ಬರುತ್ತಲೇ ಇರುತ್ತವೆ.

18ರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಇನ್ನೊಂದು ಸಲ ಮೊದಲ ಸಾಲನ್ನು ತಿದ್ದಿ, ‘ಈ ಹಬ್ಬದ್ದು ಮುಗಿದಿದೆ, ದಿನದ ಬ್ರೆಡ್, ಬಿಸ್ಕತ್ತು ಅಂಗಡಿಯಲ್ಲಿ ಎಂದಿನಂತೆ ಸಿಗುತ್ತವೆ’ ಎಂದು ಬರೆಯಿರಿ. ವಿವರಣೆಯ ಹಳೆಯ ಪ್ರತಿಯನ್ನು ಫೋನಿನ ಟಿಪ್ಪಣಿಯಲ್ಲಿ ಉಳಿಸಿಕೊಳ್ಳಿ. ಅದರ ಕೆಳಗೆ ಈ ಸಲ ಬಂದ ಹೊಸ ಪ್ರಶ್ನೆಗಳನ್ನು ಸೇರಿಸಿ, ದಿನಾಂಕ, ವಾರ, ಬೆಲೆ ಇದ್ದ ಜಾಗಗಳನ್ನು ಈಗಲೇ ಅಳಿಸಿ ಖಾಲಿ ಬಿಡಿ. ಮುಂದಿನ ಹಬ್ಬಕ್ಕೆ ನಕಲು ಮಾಡುವಾಗ ಹಳೆಯ ಶನಿವಾರ ಅಲ್ಲಿ ಉಳಿದಿರುವುದಿಲ್ಲ.